ತವರಿನ ಅನುಕೂಲಕ್ಕೆ ಒಂದೇ ಅಂಕಿ: ಗೆಲುವಿನ ಲೆಕ್ಕ ಹಾಕುವ ಶೀಟೊಂದರ ರಿಪೇರಿ

ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನು ಮುಂಚಿತವಾಗಿ ಅಂದಾಜು ಮಾಡುವ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದ. ಎರಡು ತಂಡಗಳ ಸರಾಸರಿ ಗೋಲುಗಳನ್ನು ಕೊಟ್ಟರೆ ಗೆಲುವು, ಡ್ರಾ, ಸೋಲು ಎಂಬ ಮೂರು ಸಂಭವನೀಯತೆಗಳನ್ನು ಅದು ತೋರಿಸುತ್ತಿತ್ತು. ಒಂದು ಭಾನುವಾರ ಅದು ಒಂದು ತಂಡದ ಗೆಲುವಿನ ಸಂಭವನೀಯತೆಯನ್ನು ಶೇ. −2 ಎಂದು ತೋರಿಸಿದಾಗ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಬಳಿ ಬಂದ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಸಂಭವನೀಯತೆ ಸೊನ್ನೆಗಿಂತ ಕೆಳಗಿಳಿದರೆ ತಪ್ಪು ಸೂತ್ರದ ಟೈಪಿಂಗ್‌ನಲ್ಲಿರುವುದಕ್ಕಿಂತ ಸೂತ್ರದ ಹಿಂದಿನ ಯೋಚನೆಯಲ್ಲಿರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಅನುಭವ. ಕೊನೆಯ ಕಾಲಂ ತೆರೆದು ನೋಡಿದರೆ ಅಲ್ಲಿ ತವರು ತಂಡದ ಗೆಲುವಿಗೆ 10 ಕೂಡಿಸಿ, ಪ್ರವಾಸಿ ತಂಡದ ಗೆಲುವಿನಿಂದ 10 ಕಳೆಯಲಾಗಿತ್ತು.

"ಸ್ವಂತ ಗ್ರೌಂಡಲ್ಲಿ ಆಡೋರಿಗೆ ಅನುಕೂಲ ಇದ್ದೇ ಇರುತ್ತಲ್ಲ ಮಾವ, ಅದಕ್ಕೇ ಹತ್ತು ಪರ್ಸೆಂಟ್ ಸೇರಿಸಿದ್ದೆ" ಎಂದ.

ಅನುಕೂಲ ಇರುತ್ತದೆ ಎಂಬುದು ಸರಿ. ಆದರೆ ಅದು ಹತ್ತೇ ಏಕೆ, ಹಾಗೂ ಎಲ್ಲ ಪಂದ್ಯಗಳಿಗೂ ಅಷ್ಟೇ ಏಕೆ ಎಂಬ ಎರಡು ಪ್ರಶ್ನೆಗಳಿಗೆ ಆ ಶೀಟಿನಲ್ಲಿ ಉತ್ತರವಿರಲಿಲ್ಲ. ಈ ಎರಡಕ್ಕೂ ಫಲಿತಾಂಶಗಳಿಂದಲೇ ಉತ್ತರ ತೆಗೆಯುವ ರೀತಿಯಲ್ಲಿ ಶೀಟನ್ನು ಸರಿಪಡಿಸಿದ ವಿವರ ಮುಂದಿದೆ.

ಯಾವ ದತ್ತಾಂಶ, ಏಕೆ

ಅವನು ಹೆಚ್ಚಾಗಿ ನೋಡುವುದು ಇಂಗ್ಲಿಷ್ ಪ್ರೀಮಿಯರ್ ಲೀಗ್. ನಮ್ಮ ಕೆಲಸಕ್ಕೂ ಅದೇ ಅನುಕೂಲಕರ, ಏಕೆಂದರೆ ಅಲ್ಲಿ 20 ತಂಡಗಳಿದ್ದು, ಪ್ರತಿಯೊಂದು ಜೋಡಿಯೂ ಎರಡು ಬಾರಿ, ಒಮ್ಮೆ ಇವರ ಅಂಗಳದಲ್ಲಿ ಮತ್ತೊಮ್ಮೆ ಅವರ ಅಂಗಳದಲ್ಲಿ, ಎದುರಾಗುತ್ತದೆ. ಒಟ್ಟು 380 ಪಂದ್ಯ. ಪ್ರತಿ ತಂಡಕ್ಕೂ ತವರಿನಲ್ಲಿ 19, ಹೊರಗೆ 19. ಈ ಸಮತೋಲನದ ಬೆಲೆ ದೊಡ್ಡದು. ಬಲಿಷ್ಠ ತಂಡ ತವರಿನಲ್ಲಿ ಯಾರ ಯಾರ ವಿರುದ್ಧ ಆಡಿತೋ ಅವರ ವಿರುದ್ಧವೇ ಹೊರಗೂ ಆಡಿರುವುದರಿಂದ, ಋತುವಿನ ಒಟ್ಟು ಮೊತ್ತದಲ್ಲಿ ತಂಡಗಳ ಬಲಾಬಲ ಎರಡೂ ಕಡೆ ಸಮನಾಗಿ ಸೇರಿ ಹೊಡೆದುಹೋಗುತ್ತದೆ, ಉಳಿಯುವುದು ಅಂಗಳದ ಪರಿಣಾಮ ಮಾತ್ರ.

football-data.co.uk ತಾಣದಲ್ಲಿ ಋತುವಿಗೊಂದರಂತೆ `E0.csv` ಎಂಬ ಕಡತ ಸಿಗುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ನಾಲ್ಕೇ ಕಾಲಂ: `HomeTeam`, `AwayTeam`, `FTHG` ಮತ್ತು `FTAG`. ಕೊನೆಯ ಎರಡು ಪೂರ್ಣಾವಧಿಯಲ್ಲಿ ತವರು ತಂಡ ಹಾಗೂ ಪ್ರವಾಸಿ ತಂಡ ಗಳಿಸಿದ ಗೋಲುಗಳು. ಲೆಕ್ಕ ಶುರುಮಾಡುವ ಮೊದಲು ಸಾಲುಗಳು 380 ಇವೆಯೇ, ಪ್ರತಿ ತಂಡದ ಹೆಸರೂ ಎರಡೂ ಕಾಲಂಗಳಲ್ಲಿ 19 ಬಾರಿ ಬಂದಿದೆಯೇ ಎಂದು ಎಣಿಸಿಕೊಳ್ಳಬೇಕು. ಕಡತದ ಕೊನೆಯಲ್ಲಿ ಒಂದು ಖಾಲಿ ಸಾಲು ಉಳಿದಿದ್ದರೂ, ಒಂದು ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿದ್ದರೂ ಪ್ರೋಗ್ರಾಂ ಏನೂ ದೂರದೆ ಒಂದು ಉತ್ತರ ಕೊಟ್ಟುಬಿಡುತ್ತದೆ. ಹೆಸರು ಒಡೆದುಹೋದರೆ 21ನೆಯ ತಂಡವೊಂದು ಹುಟ್ಟಿಕೊಳ್ಳುವುದರಿಂದ, ತಂಡಗಳ ಎಣಿಕೆಯೇ ಅದನ್ನು ಹಿಡಿದುಕೊಡುತ್ತದೆ.

ಮೊದಲು ಕೈಲೆಕ್ಕ

2018–19ರ ಋತುವನ್ನು ತೆಗೆದುಕೊಂಡೆವು. ಆ ವರ್ಷ ತವರು ತಂಡಗಳು 181 ಪಂದ್ಯ ಗೆದ್ದವು, ಪ್ರವಾಸಿ ತಂಡಗಳು 128 ಗೆದ್ದವು, 71 ಡ್ರಾ ಆದವು. ತವರು ತಂಡಗಳ ಒಟ್ಟು ಗೋಲು 596, ಪ್ರವಾಸಿ ತಂಡಗಳದು 476. ಪಂದ್ಯಕ್ಕೆ ಸರಾಸರಿ 1.57 ಮತ್ತು 1.25.

ಅನುಕೂಲವನ್ನು ಗೆಲುವಿನ ಶೇಕಡಾವಾರಿನಲ್ಲಿ ಅಳೆಯುವುದಕ್ಕಿಂತ ಗೋಲುಗಳ ಅನುಪಾತದಲ್ಲಿ ಅಳೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ಪಂದ್ಯದಿಂದ ಸಿಗುವ ಗೆಲುವು–ಸೋಲಿನ ಮಾಹಿತಿ ಒಂದೇ ತುಣುಕು, ಗೋಲುಗಳಲ್ಲಿ ಅದಕ್ಕಿಂತ ಹೆಚ್ಚಿನ ಮಾಹಿತಿ ಇರುತ್ತದೆ. ಅದಲ್ಲದೆ, ಅನುಪಾತವನ್ನು ಯಾವ ತಂಡದ ಸರಾಸರಿಗೆ ಗುಣಿಸಿದರೂ ಉತ್ತರ ಋಣಾತ್ಮಕವಾಗುವುದಿಲ್ಲ. ಹಾಗಾಗಿ ತವರಿನ ಅನುಕೂಲವನ್ನು `h` ಎಂದು ಕರೆದರೆ,

```
h = 596 / 476 = 1.252
```

ಅಂದರೆ ಅದೇ ತಂಡ, ಅದೇ ಎದುರಾಳಿ, ಆದರೆ ಅಂಗಳ ಸ್ವಂತದ್ದಾದರೆ, ಹೊರಗೆ ಗಳಿಸುವುದಕ್ಕಿಂತ ಶೇ. 25ರಷ್ಟು ಹೆಚ್ಚು ಗೋಲುಗಳನ್ನು ನಿರೀಕ್ಷಿಸಬಹುದು. ಇಷ್ಟು ಸರಳವಾದ ಭಾಗಾಕಾರ ಸಾಕೇ ಎಂದು ಅಳಿಯನಿಗೆ ಅನುಮಾನ ಬಂತು. ಪೂರ್ಣಗೊಂಡ, ಸಮತೋಲಿತ ಲೀಗಿಗೆ ಸಾಕು. ಪ್ರತಿ ತಂಡಕ್ಕೂ ಒಂದು ಆಕ್ರಮಣದ ಅಂಕಿ, ಒಂದು ರಕ್ಷಣೆಯ ಅಂಕಿ, ಎಲ್ಲರಿಗೂ ಸೇರಿ ಒಂದೇ `h` ಇಟ್ಟುಕೊಂಡು ಗೋಲಿನಂಥ ಎಣಿಕೆಗಳಿಗೆ ಬಳಸುವ ಪಾಯ್ಸಾನ್ ಮಾದರಿಯನ್ನು, ನಿಜವಾಗಿ ಬಂದ ಫಲಿತಾಂಶಗಳಿಗೆ ಅತಿ ಹೆಚ್ಚು ಸಂಭವ ಕೊಡುವ ಅಂಕಿಗಳನ್ನು ಆರಿಸುವ ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ ಹೊಂದಿಸಿದರೂ `h`ಗೆ ಬರುವ ಉತ್ತರ ಇದೇ ಅನುಪಾತ, ದಶಾಂಶದ ಕೊನೆಯ ಅಂಕಿಯವರೆಗೂ. ಇದು ಕಾಕತಾಳೀಯವಲ್ಲ. ಒಂದು ಋತುವಿನ ಎಲ್ಲ ತವರು ನಿರೀಕ್ಷೆಗಳ ಮೊತ್ತವು ಎಲ್ಲ ಪ್ರವಾಸಿ ನಿರೀಕ್ಷೆಗಳ ಮೊತ್ತದ ಸರಿಯಾಗಿ `h` ಪಟ್ಟು ಇರುತ್ತದೆ, ಮತ್ತು ಹೊಂದಿಸಿದ ಮಾದರಿ ಈ ಎರಡೂ ಮೊತ್ತಗಳನ್ನು ನಿಜವಾದ ಮೊತ್ತಗಳಿಗೆ ಸರಿಹೊಂದಿಸಲೇಬೇಕು. ಇದರಿಂದ ನಮಗೆ ಒಂದು ಒಳ್ಳೆಯ ಪರೀಕ್ಷೆಯೂ ದೊರೆಯಿತು: ಮುಂದೆ ಬರೆಯುವ ಪ್ರೋಗ್ರಾಂ ಪೂರ್ಣ ಋತುವಿನ ಮೇಲೆ 1.252 ಕೊಡದಿದ್ದರೆ ಪ್ರೋಗ್ರಾಮಿನಲ್ಲಿ ಅಥವಾ ಕಡತದಲ್ಲಿ ದೋಷವಿದೆ ಎಂದೇ ಅರ್ಥ.

ಈ ಅಂಕಿಯನ್ನು ಎಷ್ಟು ನಂಬಬಹುದು ಎಂಬುದನ್ನೂ ಕೈಯಲ್ಲೇ ಲೆಕ್ಕ ಹಾಕಬಹುದು. `h`ನ ಸ್ವಾಭಾವಿಕ ಲಾಗರಿದಮ್ 0.225. ಬರೀ ಆಕಸ್ಮಿಕದಿಂದ ಅದು ಎಷ್ಟು ಅತ್ತಿತ್ತ ಆಗಬಹುದು ಎಂಬುದರ ಅಳತೆಯಾದ ಪ್ರಮಾಣಿತ ದೋಷ, ಗೋಲುಗಳು ಪಾಯ್ಸಾನ್ ರೀತಿಯಲ್ಲಿ ಬೀಳುತ್ತವೆ ಎಂದು ಒಪ್ಪಿದರೆ, `sqrt(1/596 + 1/476)`, ಅಂದರೆ 0.061. ಶೇ. 95ರ ವಿಶ್ವಾಸದ ಮಿತಿಗಳನ್ನು ಲಾಗರಿದಮ್ಮಿನಲ್ಲಿ ತೆಗೆದು ಮತ್ತೆ ಅನುಪಾತಕ್ಕೆ ತಿರುಗಿಸಿದರೆ 1.11ರಿಂದ 1.41. ಇಡೀ ಒಂದು ಋತುವಿನ ಸಾವಿರಕ್ಕೂ ಹೆಚ್ಚು ಗೋಲುಗಳನ್ನು ಎಣಿಸಿದ ಮೇಲೂ ಅನಿಶ್ಚಿತತೆ ಇಷ್ಟು ಅಗಲವಾಗಿ ಉಳಿಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಹತ್ತು ವಾರಗಳ ಫಲಿತಾಂಶ ನೋಡಿ "ಈ ವರ್ಷ ತವರಿನ ಅನುಕೂಲ ಇಳಿದಿದೆ" ಎಂದು ತೀರ್ಮಾನಿಸುವವರು ಈ ಲೆಕ್ಕ ಮಾಡಿರುವುದಿಲ್ಲ.

ಲೀಗ್ ಅರ್ಧ ದಾರಿಯಲ್ಲಿದ್ದಾಗ

ಆದರೆ ಶೀಟನ್ನು ಬಳಸುವುದು ಲೀಗ್ ಮುಗಿದ ಮೇಲಲ್ಲ, ನಡೆಯುತ್ತಿರುವಾಗ. ಆಗ ಸಮತೋಲನ ಇರುವುದಿಲ್ಲ. ಮೊದಲ ಕೆಲವು ಸುತ್ತುಗಳಲ್ಲಿ ಬಲಿಷ್ಠ ತಂಡಗಳು ದುರ್ಬಲ ತಂಡಗಳನ್ನು ತಮ್ಮ ಅಂಗಳದಲ್ಲಿ ಎದುರಿಸಿದ ಪಂದ್ಯಗಳೇ ಹೆಚ್ಚಾಗಿದ್ದರೆ, ಬರೀ ಅನುಪಾತ ತೆಗೆದಾಗ ಬಲದ ವ್ಯತ್ಯಾಸವೂ ಅಂಗಳದ ಲೆಕ್ಕಕ್ಕೇ ಜಮೆಯಾಗುತ್ತದೆ. ತಂಡಗಳ ಬಲವನ್ನೂ `h` ಅನ್ನೂ ಒಟ್ಟಿಗೇ ಅಂದಾಜು ಮಾಡುವುದೇ ಇದಕ್ಕಿರುವ ದಾರಿ. ಪ್ರತಿ ಪಂದ್ಯವನ್ನು ಎರಡು ಸಾಲುಗಳಾಗಿ ಒಡೆಯುತ್ತೇವೆ: ಒಂದು ಸಾಲಿನಲ್ಲಿ ತವರು ತಂಡ ಆಕ್ರಮಣಕಾರ, ಇನ್ನೊಂದರಲ್ಲಿ ಪ್ರವಾಸಿ ತಂಡ.

```python
import pandas as pd
import statsmodels.api as sm
import statsmodels.formula.api as smf

d = pd.read_csv("E0.csv").dropna(subset=["FTHG", "FTAG"])
h = pd.DataFrame({"g": d["FTHG"], "att": d["HomeTeam"],
                  "dfn": d["AwayTeam"], "home": 0.5})
a = pd.DataFrame({"g": d["FTAG"], "att": d["AwayTeam"],
                  "dfn": d["HomeTeam"], "home": -0.5})
x = pd.concat([h, a], ignore_index=True)
m = smf.glm("g ~ home + C(att) + C(dfn)", data=x,
            family=sm.families.Poisson()).fit()
print(m.params["home"], m.bse["home"])
```

ಪೂರ್ಣ ಋತುವಿಗೆ ಇದು 0.225 ಮತ್ತು 0.061 ಎಂದು ಮುದ್ರಿಸಬೇಕು. ಕೈಲೆಕ್ಕದ ಅಂಕಿಗಳೇ ಇವು. `home` ಕಾಲಂನಲ್ಲಿ 1 ಮತ್ತು 0 ಇಡುವುದು ಹೆಚ್ಚು ರೂಢಿಯಲ್ಲಿದೆ, ಗುಣಾಂಕವೂ ಬದಲಾಗುವುದಿಲ್ಲ. ಆದರೂ 0.5 ಮತ್ತು −0.5 ಇಟ್ಟಿದ್ದಕ್ಕೆ ಕಾರಣವಿದೆ, ಅದು ತಟಸ್ಥ ಅಂಗಳದ ಪಂದ್ಯ ಬಂದಾಗ ಗೊತ್ತಾಗುತ್ತದೆ.

ಹತ್ತು ಸುತ್ತು ಮಾತ್ರ ಮುಗಿದಿದ್ದರೆ 100 ಪಂದ್ಯ, ಸುಮಾರು 280 ಗೋಲು. ಆಗ `h`ನ ಲಾಗರಿದಮ್ಮಿನ ಪ್ರಮಾಣಿತ ದೋಷ 0.12ರ ಹತ್ತಿರ, ಅಂದರೆ ಪೂರ್ಣ ಋತುವಿನದಕ್ಕೆ ಎರಡು ಪಟ್ಟು. ಅಷ್ಟು ಸಡಿಲವಾದ ಅಂದಾಜನ್ನು ಒಂಟಿಯಾಗಿ ಬಳಸಬಾರದು. ಹಿಂದಿನ ಮೂರು ಋತುಗಳ ಕಡತಗಳನ್ನು ಸೇರಿಸಿ `h` ತೆಗೆದರೆ ದೋಷ 0.035ಕ್ಕೆ ಇಳಿಯುತ್ತದೆ, ಅದನ್ನೇ ಋತುವಿನ ಆರಂಭದ ಅಂಕಿಯನ್ನಾಗಿ ಇಟ್ಟುಕೊಳ್ಳಬಹುದು. ಹಾಗೆ ಸೇರಿಸುವಾಗ ತಂಡದ ಹೆಸರಿನ ಜೊತೆಗೆ ಋತುವನ್ನೂ ಅಂಟಿಸಬೇಕು. ಇಲ್ಲದಿದ್ದರೆ ಮೂರು ವರ್ಷವೂ ತಂಡದ ಬಲ ಒಂದೇ ಆಗಿತ್ತು ಎಂದು ಮಾದರಿ ಭಾವಿಸುತ್ತದೆ.

`h` ಗೆಲುವಿನ ಸಂಭವನೀಯತೆಯನ್ನು ಎಷ್ಟು ಸರಿಸುತ್ತದೆ

ಈಗ ಹಳೆಯ "ಹತ್ತು ಪರ್ಸೆಂಟ್" ಕಾಲಂ ಅಳಿಸಿ, ಅನುಕೂಲವನ್ನು ಗೋಲುಗಳ ಹಂತದಲ್ಲೇ ಸೇರಿಸಿದೆವು. ತಟಸ್ಥ ಅಂಗಳದಲ್ಲಿ ಎರಡೂ ತಂಡಗಳ ನಿರೀಕ್ಷಿತ ಗೋಲು ಎಷ್ಟಿರುತ್ತಿತ್ತೋ ಅದನ್ನು ತವರು ತಂಡಕ್ಕೆ `h`ನ ವರ್ಗಮೂಲದಿಂದ, ಅಂದರೆ 1.119ರಿಂದ ಗುಣಿಸಬೇಕು, ಪ್ರವಾಸಿ ತಂಡಕ್ಕೆ ಅದರಿಂದಲೇ ಭಾಗಿಸಬೇಕು. ಆಮೇಲೆ 0ಯಿಂದ 10ರವರೆಗಿನ ಪ್ರತಿ ಗೋಲಿನ ಸಂಖ್ಯೆಗೂ ಎಕ್ಸೆಲ್‌ನ `POISSON.DIST(k, rate, FALSE)` ಬಳಸಿ ಒಂದು ತಂಡಕ್ಕೆ ಅಡ್ಡಸಾಲು, ಇನ್ನೊಂದಕ್ಕೆ ಉದ್ದಸಾಲು ತುಂಬಿ, ಗುಣಾಕಾರದ ಕೋಷ್ಟಕ ಮಾಡಬೇಕು. ಕರ್ಣದ ಮೇಲಿನ ಮನೆಗಳ ಮೊತ್ತ ಡ್ರಾ, ಒಂದು ಬದಿಯ ಮೊತ್ತ ಗೆಲುವು, ಇನ್ನೊಂದು ಬದಿಯದು ಸೋಲು. ಕೋಷ್ಟಕದ ಒಟ್ಟು ಮೊತ್ತ 1ಕ್ಕೆ ತೀರ ಹತ್ತಿರವಿರಬೇಕು, 0.98 ಎಂದು ಬಂದರೆ ಕೋಷ್ಟಕವನ್ನು ಬೇಗನೆ ನಿಲ್ಲಿಸಿದ್ದೀರಿ.

ಮೊದಲು ಸಮಬಲದ ಎರಡು ಸಾಧಾರಣ ತಂಡಗಳನ್ನು ನೋಡೋಣ. ತಟಸ್ಥ ಅಂಗಳದಲ್ಲಿ ಇಬ್ಬರಿಗೂ 1.40 ಗೋಲಿನ ನಿರೀಕ್ಷೆ. ಆಗ ಪ್ರತಿಯೊಬ್ಬರ ಗೆಲುವಿಗೂ ಶೇ. 37.4, ಡ್ರಾಗೆ ಶೇ. 25.3. ಒಬ್ಬರ ಅಂಗಳಕ್ಕೆ ಹೋದ ಕೂಡಲೇ ನಿರೀಕ್ಷೆಗಳು 1.57 ಮತ್ತು 1.25 ಆಗಿ, ತವರು ತಂಡದ ಗೆಲುವು ಶೇ. 44.7ಕ್ಕೆ ಏರುತ್ತದೆ, ಪ್ರವಾಸಿ ತಂಡದ ಗೆಲುವು ಶೇ. 30.5ಕ್ಕೆ ಇಳಿಯುತ್ತದೆ, ಡ್ರಾ ಶೇ. 24.8ರಲ್ಲಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಒಂದೇ ತಂಡಕ್ಕೆ ತವರಿಗೂ ಹೊರಗಿಗೂ ನಡುವೆ 14 ಅಂಶಗಳ ಅಂತರ.

ಇನ್ನು ಬಲಿಷ್ಠ ತಂಡ ಮತ್ತು ದುರ್ಬಲ ತಂಡ. ತಟಸ್ಥ ಅಂಗಳದಲ್ಲಿ 2.2 ಮತ್ತು 0.8 ಎಂದು ಇಟ್ಟರೆ ಬಲಿಷ್ಠರ ಗೆಲುವು ಶೇ. 69.3, ಡ್ರಾ ಶೇ. 18.4, ದುರ್ಬಲರ ಗೆಲುವು ಶೇ. 12.2. ಬಲಿಷ್ಠರ ಅಂಗಳದಲ್ಲಿ ಇದೇ ಮೂರು ಅಂಕಿಗಳು 75.7, 15.5 ಮತ್ತು 8.8. ದುರ್ಬಲರ ಅಂಗಳದಲ್ಲಿ 62.4, 21.2 ಮತ್ತು 16.4.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ದುರ್ಬಲ ತಂಡ ಹೊರಗಿನಿಂದ ತವರಿಗೆ ಬಂದಾಗ ಅದರ ಗೆಲುವಿನ ಸಂಭವನೀಯತೆ 8.8ರಿಂದ 16.4ಕ್ಕೆ, ಅಂದರೆ ಏಳೂವರೆ ಅಂಶ ಮಾತ್ರ ಏರಿದೆ. ಸಮಬಲದ ತಂಡಕ್ಕೆ ಸಿಕ್ಕ 14ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಅನುಪಾತದಲ್ಲಿ ನೋಡಿದರೆ ಅದು ಹತ್ತಿರ ಹತ್ತಿರ ಎರಡು ಪಟ್ಟಾಗಿದೆ. ಹಳೆಯ ಶೀಟು ಇದೇ ಪಂದ್ಯದಲ್ಲಿ ದುರ್ಬಲರ ತವರಿನ ಗೆಲುವಿಗೆ 12.2ಕ್ಕೆ 10 ಕೂಡಿಸಿ ಶೇ. 22.2 ಕೊಡುತ್ತಿತ್ತು, ಇದು ನಿಜವಾಗಿ ಸಮರ್ಥನೀಯವಾದದ್ದಕ್ಕಿಂತ ಆರು ಅಂಶ ಹೆಚ್ಚು. ಹೊರಗೆ ಆಡುವಾಗ ಅದೇ ತಂಡಕ್ಕೆ ಶೇ. 2.2 ಮಾತ್ರ ಉಳಿಸುತ್ತಿತ್ತು. ಅದಕ್ಕಿಂತಲೂ ದುರ್ಬಲ ತಂಡ, ತಟಸ್ಥ ಅಂಗಳದಲ್ಲಿ ಶೇ. 8 ಇದ್ದದ್ದು, −2ಕ್ಕೆ ಹೋದದ್ದು ಹಾಗೆ.

ಡ್ರಾ ಕೂಡ ಗಮನಿಸಬೇಕಾದ್ದು. ಕೂಡಿಸಿ ಕಳೆಯುವ ಹಳೆಯ ವಿಧಾನ ಡ್ರಾವನ್ನು ಮುಟ್ಟುವುದೇ ಇಲ್ಲ. ನಿಜದಲ್ಲಿ ಅಂಗಳವು ಪಂದ್ಯವನ್ನು ಸಮಬಲದ ಕಡೆಗೆ ಎಳೆದರೆ ಡ್ರಾ ಹೆಚ್ಚುತ್ತದೆ, ಅಂತರವನ್ನು ಹಿಗ್ಗಿಸಿದರೆ ಕಡಿಮೆಯಾಗುತ್ತದೆ. ಮೇಲಿನ ಪಂದ್ಯದಲ್ಲಿ 15.5ಕ್ಕೂ 21.2ಕ್ಕೂ ಇರುವ ವ್ಯತ್ಯಾಸ ಪೂರ್ತಿ ಅಂಗಳದ್ದೇ. ಬಲಿಷ್ಠ ತಂಡ ಹೊರಗೆ ಹೋದಾಗ ಕಳೆದುಕೊಳ್ಳುವ ಗೆಲುವುಗಳಲ್ಲಿ ಒಂದಷ್ಟು ಸೋಲಾಗುವುದಿಲ್ಲ, ಡ್ರಾ ಆಗುತ್ತವೆ. ಅಂಕಪಟ್ಟಿಯನ್ನು ಮುಂಚಿತವಾಗಿ ಅಂದಾಜಿಸುವವರಿಗೆ ಇದು ಮುಖ್ಯ, ಏಕೆಂದರೆ ಡ್ರಾಗೆ ಒಂದು ಅಂಕ ಸಿಗುತ್ತದೆ, ಸೋಲಿಗೆ ಸಿಗುವುದಿಲ್ಲ.

`h`ನಲ್ಲಿರುವ ಅನಿಶ್ಚಿತತೆಯೂ ಸಂಭವನೀಯತೆಗೆ ಹಾಗೆಯೇ ದಾಟಿಬರುತ್ತದೆ. ಸಮಬಲದ ಪಂದ್ಯದಲ್ಲಿ `h` 1.11 ಎಂದು ಇಟ್ಟರೆ ತವರಿನ ಗೆಲುವು ಶೇ. 40.7, 1.41 ಎಂದು ಇಟ್ಟರೆ ಶೇ. 48.7. ಹಾಗಾಗಿ ಶೀಟಿನಲ್ಲಿ 44.7 ಎಂಬುದರ ಪಕ್ಕದಲ್ಲೇ ಈ ಎರಡು ಅಂಕಿಗಳನ್ನೂ ತೋರಿಸುವಂತೆ ಮಾಡಿದೆವು. ದಶಾಂಶದ ಸ್ಥಾನವನ್ನು ನೋಡಿ ಮೋಸ ಹೋಗಬಾರದು ಎಂಬುದಕ್ಕೆ ಇದಕ್ಕಿಂತ ನೇರವಾದ ಎಚ್ಚರಿಕೆ ಇಲ್ಲ.

ಒಂದು ಹೋಲಿಕೆ ಅಳಿಯನನ್ನು ತಬ್ಬಿಬ್ಬು ಮಾಡಿತು. ಸಮಬಲದ ಪಂದ್ಯಕ್ಕೆ ಮಾದರಿ ಡ್ರಾಗೆ ಶೇ. 24.8 ಕೊಡುತ್ತದೆ, ಆದರೆ ಆ ಋತುವಿನಲ್ಲಿ ಡ್ರಾ ಆದದ್ದು 380ರಲ್ಲಿ 71, ಶೇ. 18.7 ಮಾತ್ರ. ಇದರಲ್ಲಿ ಒಂದು ಪಾಲಿಗೆ ವಿವರಣೆ ಸುಲಭ: ನಿಜವಾದ ಲೀಗಿನಲ್ಲಿ ಹೆಚ್ಚಿನ ಪಂದ್ಯಗಳು ಸಮಬಲದವಲ್ಲ, ಅಸಮ ಪಂದ್ಯಗಳಲ್ಲಿ ಡ್ರಾ ಕಡಿಮೆ. ಆದ್ದರಿಂದ ಸಾಧಾರಣ ತಂಡಗಳ ಒಂದು ಪಂದ್ಯವನ್ನು ಇಡೀ ಋತುವಿನ ಸರಾಸರಿಯ ಜೊತೆ ಹೋಲಿಸಬಾರದು. 380 ಪಂದ್ಯಗಳಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ಅವುಗಳ ಡ್ರಾ ಸಂಭವನೀಯತೆಗಳ ಮೊತ್ತವನ್ನು 71ರ ಜೊತೆ ಹೋಲಿಸಬೇಕು.

ಆನ್‌ಫೀಲ್ಡಿಗೆ ಬೇರೆ `h` ಬೇಕೇ

"ಲಿವರ್‌ಪೂಲ್ ಆನ್‌ಫೀಲ್ಡಲ್ಲಿ ಆಡೋದೇ ಬೇರೆ ಮಾವ, ಅವರಿಗೆ ಬೇರೆ ನಂಬರ್ ಇಡೋಣ" ಎಂಬುದು ಅಳಿಯನ ಮುಂದಿನ ಬೇಡಿಕೆ. ಆ ಋತುವಿನ ಅಂಕಿಗಳು ಅವನ ಪರವಾಗಿಯೇ ಇದ್ದಂತೆ ಕಾಣುತ್ತವೆ. ಲಿವರ್‌ಪೂಲ್ ತವರಿನ 19ರಲ್ಲಿ 17 ಗೆದ್ದು 2 ಡ್ರಾ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಗಳಿಸಿದ ಗೋಲು ತವರಿನಲ್ಲಿ 55, ಹೊರಗೆ 34. ಅನುಪಾತ 1.62, ಲೀಗಿನ 1.25ಕ್ಕಿಂತ ಬಹಳ ಮೇಲೆ.

ಆದರೆ ಅದೇ ಪ್ರಮಾಣಿತ ದೋಷದ ಸೂತ್ರವನ್ನು ಇಲ್ಲೂ ಹಾಕಿ ನೋಡಿ. ಲಾಗರಿದಮ್ 0.481, ದೋಷ `sqrt(1/55 + 1/34)`, ಅಂದರೆ 0.218. ಲೀಗಿನ 0.225ಕ್ಕಿಂತ ಇದು 0.256 ಹೆಚ್ಚು, ಒಂದು ಪ್ರಮಾಣಿತ ದೋಷಕ್ಕಿಂತ ಸ್ವಲ್ಪವೇ ಮೇಲೆ. ಎಲ್ಲ 20 ತಂಡಗಳಿಗೂ ನಿಜವಾದ ಅನುಕೂಲ ಒಂದೇ ಆಗಿದ್ದರೂ ಬರೀ ಆಕಸ್ಮಿಕದಿಂದಲೇ ಮೂರೋ ನಾಲ್ಕೋ ತಂಡಗಳು ಇಷ್ಟು ಮೇಲೆ ಕಾಣಿಸಿಕೊಳ್ಳಬಹುದು, ಹಾಗೆ ಕಂಡ ತಂಡಗಳ ಬಗ್ಗೆಯೇ ನಾವು ಮಾತನಾಡುತ್ತೇವೆ. ಇಡೀ ಲೀಗಿನ `h` ಬಗ್ಗೆಯೇ ನಮಗೆ ಇಷ್ಟು ಅನಿಶ್ಚಿತತೆ ಇರುವಾಗ, ಇಪ್ಪತ್ತನೆಯ ಒಂದು ಭಾಗದ ದತ್ತಾಂಶದಿಂದ ತಂಡಕ್ಕೊಂದು `h` ತೆಗೆದರೆ ಶೀಟು ಹಿಂದಿನ ಋತುವನ್ನು ಚೆನ್ನಾಗಿ ವಿವರಿಸುತ್ತದೆ, ಮುಂದಿನದನ್ನು ಕೆಟ್ಟದಾಗಿ ಅಂದಾಜಿಸುತ್ತದೆ.

ಪೂರ್ತಿ ತಳ್ಳಿಹಾಕುವುದೂ ಬೇಕಿಲ್ಲ. ತಂಡದ ಅಂಕಿಯನ್ನು ಲೀಗಿನ ಅಂಕಿಯ ಕಡೆಗೆ ಎಳೆದು ಬಳಸಬಹುದು. ತಂಡದಿಂದ ತಂಡಕ್ಕೆ ನಿಜವಾದ ಅನುಕೂಲ ಲಾಗರಿದಮ್ಮಿನಲ್ಲಿ 0.1ರಷ್ಟು ಚದುರಿದೆ ಎಂದು ಇಟ್ಟುಕೊಳ್ಳೋಣ. ಇದು ನಾವು ಆರಿಸಿಕೊಂಡ ಊಹೆ, ಹಲವು ಋತುಗಳ ದತ್ತಾಂಶ ಸೇರಿಸಿದರೆ ಇದನ್ನೂ ಅಂದಾಜು ಮಾಡಬಹುದು. ಆಗ ತಂಡದ ಸ್ವಂತ ಅಂಕಿಗೆ ಸಿಗಬೇಕಾದ ತೂಕ 0.1ರ ವರ್ಗವನ್ನು ಅದರ ಮತ್ತು 0.218ರ ವರ್ಗದ ಮೊತ್ತದಿಂದ ಭಾಗಿಸಿದರೆ ಬರುವ 0.17. ಅಂದರೆ 0.256 ವ್ಯತ್ಯಾಸದಲ್ಲಿ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಒಪ್ಪುತ್ತೇವೆ. ಲಿವರ್‌ಪೂಲಿನ `h` 1.62 ಅಲ್ಲ, ಸುಮಾರು 1.31. ಅಳಿಯನಿಗೆ ಇದು ಜಿಪುಣತನವಾಗಿ ಕಂಡಿತು. ನನಗೆ ಇದೇ ನ್ಯಾಯವಾದ ಅಂಕಿಯಾಗಿ ಕಾಣುತ್ತದೆ, ಏಕೆಂದರೆ ಲಿವರ್‌ಪೂಲ್ ಅಷ್ಟು ಗೆದ್ದದ್ದಕ್ಕೆ ಮುಖ್ಯ ಕಾರಣ ಅದರ ಬಲ, ಆ ಬಲಕ್ಕೆ ಮಾದರಿಯಲ್ಲಿ ಬೇರೆಯೇ ಅಂಕಿ ಇದೆ.

ತಂಡಕ್ಕೊಂದು `h` ಇಡುವುದರಲ್ಲಿ ಇನ್ನೊಂದು ತೊಡಕೂ ಇದೆ. ಅದೇ ಋತುವಿನಲ್ಲಿ ಟಾಟನ್‌ಹ್ಯಾಮ್ ತಂಡದ ಹೊಸ ಕ್ರೀಡಾಂಗಣ ಸಿದ್ಧವಾಗದೆ ಅದು ಲೀಗಿನ ತವರು ಪಂದ್ಯಗಳಲ್ಲಿ ಹೆಚ್ಚಿನವನ್ನು ವೆಂಬ್ಲಿಯಲ್ಲಿ ಆಡಿ, 2019ರ ಏಪ್ರಿಲ್ 3ರಂದು ಹೊಸ ಅಂಗಳಕ್ಕೆ ಬಂತು. ಕಡತದಲ್ಲಿ ಇವೆಲ್ಲವೂ `HomeTeam` ಎಂಬ ಒಂದೇ ಕಾಲಂನಲ್ಲಿ ಒಂದೇ ರೀತಿ ಕಾಣುತ್ತವೆ.

ಪ್ರೇಕ್ಷಕರಿಲ್ಲದ ವರ್ಷ

ಶೀಟು ಮುಂದೆ ಎಲ್ಲಿ ಕೈಕೊಡಬಹುದು ಎಂದು ತಿಳಿಯಲು 2020–21ರ ಕಡತವನ್ನು ಓಡಿಸಿದೆವು. ಕೋವಿಡ್ ಕಾರಣ ಆ ಋತುವಿನ ಬಹುತೇಕ ಪಂದ್ಯಗಳು ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ಡಿಸೆಂಬರಿನಲ್ಲಿ ಕೆಲವೆಡೆ ಮತ್ತು ಮೇ ತಿಂಗಳ ಕೊನೆಯ ಸುತ್ತುಗಳಲ್ಲಿ ಮಾತ್ರ ಸೀಮಿತ ಸಂಖ್ಯೆಯ ಪ್ರೇಕ್ಷಕರಿದ್ದರು. ತವರು ತಂಡಗಳು 144 ಗೆದ್ದವು, ಪ್ರವಾಸಿ ತಂಡಗಳು 153, ಡ್ರಾ 83. ಗೋಲುಗಳು 514 ಮತ್ತು 510.

`h` 1.008, ಶೇ. 95ರ ಮಿತಿಗಳು 0.89 ಮತ್ತು 1.14. ಎರಡು ಋತುಗಳ ಲಾಗರಿದಮ್ಮುಗಳ ನಡುವಿನ ವ್ಯತ್ಯಾಸ 0.217, ಆ ವ್ಯತ್ಯಾಸದ ಪ್ರಮಾಣಿತ ದೋಷ 0.088, ಸುಮಾರು ಎರಡೂವರೆ ಪಟ್ಟು. ಆಕಸ್ಮಿಕ ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲಾಗದಷ್ಟು ದೊಡ್ಡದು, ಆದರೆ ಅನುಕೂಲ ಪೂರ್ತಿ ಸೊನ್ನೆಯಾಯಿತು ಎಂದು ಸಾಧಿಸುವಷ್ಟೂ ಅಲ್ಲ. ಪ್ರೇಕ್ಷಕರ ಗೈರುಹಾಜರಿಯೊಂದೇ ಇದಕ್ಕೆ ಕಾರಣ ಎಂದು ಈ ಎರಡು ಕಡತಗಳಿಂದ ಹೇಳಲಾಗದು, ಏಕೆಂದರೆ ಅದೇ ವರ್ಷ ಪಂದ್ಯಗಳ ದಿನಾಂಕಗಳೂ ಬಹಳ ಒತ್ತೊತ್ತಾಗಿದ್ದವು.

ಅಂದಾಜು ಮಾಡುವವರಿಗೆ ಇದರ ಪೆಟ್ಟು ಎಷ್ಟು? 2018–19ರ ದರವನ್ನೇ ಮುಂದುವರಿಸಿದ್ದರೆ ತವರಿಗೆ 181 ಗೆಲುವು ನಿರೀಕ್ಷಿಸುತ್ತಿದ್ದೆವು, ಬಂದದ್ದು 144. ಅಂದಾಜುಗಳು ಹೀಗೆ ಒಂದೇ ಕಡೆಗೆ ವಾಲಿದ್ದನ್ನು ಋತುವಿನ ಮಧ್ಯದಲ್ಲೇ ಹಿಡಿಯಲು ಶೀಟಿಗೆ ಒಂದು ಕಾಲಂ ಸೇರಿಸಿದೆವು: ಆಡಿದ ಪಂದ್ಯಗಳ ತವರಿನ ಗೆಲುವಿನ ಸಂಭವನೀಯತೆಗಳ ಮೊತ್ತ ಒಂದು ಕಡೆ, ನಿಜವಾದ ತವರಿನ ಗೆಲುವುಗಳ ಸಂಖ್ಯೆ ಇನ್ನೊಂದು ಕಡೆ. ಪ್ರತಿ ಪಂದ್ಯದ `p*(1-p)` ಮೊತ್ತದ ವರ್ಗಮೂಲವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅಂತರವು ಅದರ ಎರಡು ಪಟ್ಟನ್ನು ದಾಟಿದರೆ ಆ ಮನೆ ಕೆಂಪಾಗುತ್ತದೆ. ಕೆಂಪಾದಾಗ ಮೊದಲು ಪರಿಶೀಲಿಸಬೇಕಾದ್ದು `h`, ತಂಡಗಳ ಬಲ ಆಮೇಲೆ. ತಂಡಗಳ ಬಲದಲ್ಲಿನ ತಪ್ಪುಗಳು ಕೆಲವು ತವರಿನ ಪರ, ಕೆಲವು ವಿರುದ್ಧ ಬಿದ್ದು ಬಹುಮಟ್ಟಿಗೆ ತಮ್ಮತಮ್ಮಲ್ಲೇ ಸರಿಹೋಗುತ್ತವೆ, ಆದರೆ `h`ನಲ್ಲಿನ ತಪ್ಪು ಎಲ್ಲ ಪಂದ್ಯಗಳಲ್ಲೂ ಒಂದೇ ದಿಕ್ಕಿಗೆ ತಳ್ಳುತ್ತದೆ.

ಐಎಸ್ಎಲ್‌ಗೆ ಒಯ್ಯುವಾಗ

ಈಗ ಇದೇ ಶೀಟನ್ನು ಅವನು ಇಂಡಿಯನ್ ಸೂಪರ್ ಲೀಗಿಗೂ ಬಳಸಬೇಕೆಂದಿದ್ದಾನೆ. ತುಮಕೂರಿನಿಂದ ರೈಲು ಹತ್ತಿ ಕಂಠೀರವಕ್ಕೆ ಬೆಂಗಳೂರು ಎಫ್‌ಸಿ ಪಂದ್ಯ ನೋಡಲು ಹೋಗುವ ಹುಡುಗರಲ್ಲಿ ಅವನೂ ಒಬ್ಬ. ಇಂಗ್ಲೆಂಡಿನ 1.25 ಅನ್ನು ಇಲ್ಲಿಗೆ ಹಾಗೆಯೇ ತರಬಾರದು, ಪ್ರಯಾಣದ ದೂರ, ಹವೆ, ತಂಡಗಳ ಸಂಖ್ಯೆ ಎಲ್ಲವೂ ಬೇರೆ. `h` ಅನ್ನು ಐಎಸ್ಎಲ್ ಫಲಿತಾಂಶಗಳಿಂದಲೇ ತೆಗೆಯಬೇಕು. ತಂಡಗಳು ಕಡಿಮೆ ಇರುವುದರಿಂದ ಒಂದು ಋತುವಿನ ಅಂದಾಜು ಇನ್ನೂ ಸಡಿಲವಾಗಿರುತ್ತದೆ, ಹಲವು ಋತುಗಳನ್ನು ಸೇರಿಸಲೇಬೇಕು. ನಮ್ಮ ಊರಿನ ಟೂರ್ನಿಗಳಂತೆ ಎಲ್ಲ ಪಂದ್ಯಗಳೂ ಒಂದೇ ಮೈದಾನದಲ್ಲಿ ನಡೆಯುವ ಕಡೆ `h` ಎಂಬ ಪ್ರಶ್ನೆಯೇ ಏಳುವುದಿಲ್ಲ, ಪಟ್ಟಿಯಲ್ಲಿ ಮೊದಲು ಬರೆದ ಹೆಸರು ತವರು ತಂಡವಲ್ಲ.

ಐಎಸ್ಎಲ್‌ನಲ್ಲಿ ಇದೇ ಸಮಸ್ಯೆ ಎರಡು ಋತುಗಳಲ್ಲಿ ಬರುತ್ತದೆ. 2020–21 ಮತ್ತು 2021–22ರ ಪಂದ್ಯಗಳೆಲ್ಲ ಕೋವಿಡ್ ಕಾರಣ ಗೋವಾದಲ್ಲಿ, 2022ರ ಫೈನಲ್ ಬಿಟ್ಟರೆ ಪ್ರೇಕ್ಷಕರಿಲ್ಲದೆ ನಡೆದವು. ಆ ಫಲಿತಾಂಶಗಳಲ್ಲೂ ತವರು ತಂಡ, ಪ್ರವಾಸಿ ತಂಡ ಎಂದು ಬರೆದಿರುತ್ತದೆ, ಆದರೆ ಬೆಂಗಳೂರು ಎಫ್‌ಸಿಗೆ ಗೋವಾ ತವರಲ್ಲ. ಈ ಸಾಲುಗಳನ್ನು ಉಳಿದವುಗಳಂತೆಯೇ ಬಿಟ್ಟರೆ `h` ಅಕಾರಣವಾಗಿ 1ರ ಕಡೆಗೆ ಇಳಿಯುತ್ತದೆ. ಸರಿಯಾದ ಕ್ರಮವೆಂದರೆ ಈ ಪಂದ್ಯಗಳ ಎರಡೂ ಸಾಲುಗಳಲ್ಲಿ `home` ಕಾಲಂಗೆ 0 ಕೊಡುವುದು, ಎಫ್‌ಸಿ ಗೋವಾ ಆಡಿದ ಪಂದ್ಯಗಳನ್ನು ಮಾತ್ರ ಬೇರೆಯಾಗಿ ಗುರುತಿಸುವುದು. 0.5 ಮತ್ತು −0.5 ಆರಿಸಿದ್ದರ ಉಪಯೋಗ ಇಲ್ಲಿದೆ: 0 ಎಂಬುದು ಅವೆರಡರ ನಡುವೆ ಬೀಳುತ್ತದೆ. 1 ಮತ್ತು 0 ಇಟ್ಟಿದ್ದರೆ ತಟಸ್ಥ ಅಂಗಳದಲ್ಲಿ ಎರಡೂ ತಂಡಗಳು ಹೊರಗಿನ ಪಂದ್ಯದಂತೆ ಕಡಿಮೆ ಗೋಲು ಹೊಡೆಯುತ್ತವೆ ಎಂದು ಮಾದರಿ ಭಾವಿಸುತ್ತಿತ್ತು.

ನಡುವೆ ಬೀಳುತ್ತದೆ ಎಂಬುದು ಕೂಡ ಊಹೆಯೇ. ತವರಿನ ಅನುಕೂಲ ತವರು ತಂಡಕ್ಕೆ ಗೋಲು ಹೆಚ್ಚಿಸುತ್ತದೆಯೋ, ಪ್ರವಾಸಿ ತಂಡದ ಗೋಲು ಕುಗ್ಗಿಸುತ್ತದೆಯೋ ಎಂಬುದನ್ನು ಪ್ರೀಮಿಯರ್ ಲೀಗಿನ ಒಂದು ಋತುವಿನಿಂದ ಬೇರ್ಪಡಿಸಲಾಗದು, ಏಕೆಂದರೆ ಅಲ್ಲಿ ತಟಸ್ಥ ಪಂದ್ಯವೇ ಇಲ್ಲ. ಗೋವಾದ ಆ ಎರಡು ಋತುಗಳು ಇರುವುದರಿಂದ ಐಎಸ್ಎಲ್‌ನಲ್ಲಿ ಇದನ್ನು ಪರೀಕ್ಷಿಸಲು ಒಂದು ಅವಕಾಶವಿದೆ. ಅದಕ್ಕೆ `home` ಎಂಬ ಒಂದು ಕಾಲಂ ಬದಲು ತವರಿನ ಏರಿಕೆಗೊಂದು, ಹೊರಗಿನ ಇಳಿಕೆಗೊಂದು ಎಂದು ಎರಡು ಕಾಲಂ ಬೇಕು. ಆ ಎರಡು ಋತುಗಳಲ್ಲಿ ಬೇರೆ ಕಾರಣಗಳಿಂದ ಒಟ್ಟಾರೆ ಗೋಲುಗಳು ಹೆಚ್ಚುಕಡಿಮೆ ಆಗಿದ್ದರೆ ಅದೂ ಈ ಎರಡು ಅಂಕಿಗಳೊಳಗೆ ಬೆರೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಫಲಿತಾಂಶವನ್ನು ಓದಬೇಕು. ಸದ್ಯ ಅಳಿಯ ಪ್ರತಿ ಪಂದ್ಯದ ಪಕ್ಕದಲ್ಲಿ ಅದು ನಿಜವಾಗಿ ನಡೆದ ಕ್ರೀಡಾಂಗಣದ ಹೆಸರನ್ನು ತುಂಬುತ್ತಿದ್ದಾನೆ. ಆ ಕಾಲಂ ಮುಗಿಯುವವರೆಗೆ ಐಎಸ್ಎಲ್ ಹಾಳೆಯಲ್ಲಿ `h` ಇರುವ ಮನೆಯನ್ನು ಖಾಲಿ ಬಿಟ್ಟಿದ್ದೇವೆ.